12 ವಾರದ ಕಟ್ಟಿಂಗ್ ಪ್ಲಾನ್: 7ನೇ ವಾರಕ್ಕೆ ತೂಕ ನಿಂತುಬಿಟ್ಟಿದೆ, ಮೂರನೇ ಹಂತಕ್ಕೆ ಈಗಲೇ ಹೋಗಲಾ?

ಬಾರ್ಬೆಲ್ ಹುಡುಗ

ಎಲ್ಲರಿಗೂ ನಮಸ್ಕಾರ. ವಯಸ್ಸು 31, ಎತ್ತರ 178 ಸೆಂ.ಮೀ. ಮೂರು ವರ್ಷದಿಂದ ಬಿಡದೆ ಜಿಮ್‌ಗೆ ಹೋಗುತ್ತಿದ್ದೇನೆ. ಕಟ್ ಶುರು ಮಾಡುವ ಹೊತ್ತಿಗೆ ಸ್ಕ್ವಾಟ್ 120 ಕೆಜಿಗೆ 5 ರೆಪ್, ಬೆಂಚ್ 87.5ಕ್ಕೆ 5, ಡೆಡ್‌ಲಿಫ್ಟ್ 150ಕ್ಕೆ 5 ಇತ್ತು. ವಾರಕ್ಕೆ ನಾಲ್ಕು ದಿನ: ಎರಡು ದಿನ ಮೇಲ್ಭಾಗ, ಎರಡು ದಿನ ಕಾಲು.

ಶುರು ಮಾಡುವ ಮುಂಚೆ ಎರಡು ವಾರ ತಿಂದಿದ್ದನ್ನೆಲ್ಲ ತೂಕ ಮಾಡಿ ಬರೆದಿಟ್ಟೆ. ಸರಾಸರಿ 2650 ಕ್ಯಾಲೊರಿ, ತೂಕ ಅಲ್ಲಾಡಲಿಲ್ಲ. ಹಾಗಾಗಿ ಅದನ್ನೇ ಮೇಂಟೆನೆನ್ಸ್ ಅಂತ ಇಟ್ಟುಕೊಂಡೆ. ಪ್ಲಾನ್ ಹೀಗಿದೆ. 1ರಿಂದ 4ನೇ ವಾರ 2250 ಕ್ಯಾಲೊರಿ, ದಿನಕ್ಕೆ 8000 ಹೆಜ್ಜೆ. 5ರಿಂದ 8ನೇ ವಾರ 2050 ಕ್ಯಾಲೊರಿ, 10,000 ಹೆಜ್ಜೆ. 9ನೇ ವಾರ ಪೂರ್ತಿ ಮೇಂಟೆನೆನ್ಸ್. ಕೊನೆಯ ಮೂರು ವಾರ 1900 ಕ್ಯಾಲೊರಿ, 12,000 ಹೆಜ್ಜೆ. ಪ್ರೊಟೀನ್ ಮೊದಲಿಂದ ಕೊನೆಯವರೆಗೂ 165 ಗ್ರಾಂ.

ದಿನಾ ಬೆಳಿಗ್ಗೆ ತೂಕ ನೋಡಿ ವಾರದ ಸರಾಸರಿ ತೆಗೆಯುತ್ತೇನೆ. 1ನೇ ವಾರ 84.2, ಆಮೇಲೆ 83.3, 82.8, 82.4. ಇಲ್ಲಿಯವರೆಗೂ ಸರಿಯಾಗಿತ್ತು. 5ನೇ ವಾರ 82.1, 6ನೇ ವಾರ 82.2, ಇವತ್ತಿಗೆ ಮುಗಿದ 7ನೇ ವಾರ 82.1. ಊಟ ಇನ್ನೂ ಕಡಿಮೆ ಮಾಡಿದೆ, ನಡಿಗೆ ಜಾಸ್ತಿ ಮಾಡಿದೆ, ಆದರೂ ಎರಡು ವಾರದಿಂದ ಒಂದು ಗ್ರಾಂ ಇಳಿದಿಲ್ಲ. 12ನೇ ವಾರದ ಕೊನೆಗೆ 78 ಅಂತ ಗುರಿ. 9ನೇ ವಾರದ ಬ್ರೇಕ್ ಬಿಟ್ಟು ನಾಳೆಯಿಂದಲೇ 1900ಕ್ಕೆ ಇಳಿಸಲಾ?

ಬೆಳಗಿನ ಓಟ

ಇಳಿಸಿ ಗುರು. ದೇಹ 2050ಕ್ಕೆ ಹೊಂದಿಕೊಂಡುಬಿಟ್ಟಿದೆ. ನನಗೂ ಹೀಗೇ ಆಗಿತ್ತು, 1700ಕ್ಕೆ ಇಳಿಸಿದ ಮೇಲೆ ಸರಸರ ಇಳಿಯಿತು.

ಬೆವರಿನ ಲೆಕ್ಕ

ಜಿಮ್‌ನಲ್ಲಿ ಏನು ಮಾಡುತ್ತಿದ್ದೀರಿ ಅಂತ ಬರೆದೇ ಇಲ್ವಲ್ಲ. ಕಟ್ಟಿಂಗ್‌ನಲ್ಲಿ ಭಾರ ಕಡಿಮೆ ಮಾಡಿ ರೆಪ್ ಜಾಸ್ತಿ ಮಾಡಬೇಕು. 15-20 ರೆಪ್ ಹೊಡೆದರೆ ಕಟ್ಸ್ ಬರುತ್ತೆ. 5 ರೆಪ್ ಎಲ್ಲ ಬಲ್ಕ್ ಮಾಡುವಾಗ. ಜೊತೆಗೆ ಸೆಟ್ ಮಧ್ಯೆ ಒಂದೇ ನಿಮಿಷ ರೆಸ್ಟ್.

ಬಾರ್ಬೆಲ್ ಹುಡುಗ

@ಬೆವರಿನ ಲೆಕ್ಕ, ಅದನ್ನೇ ಮಾಡುತ್ತಿದ್ದೇನೆ. 5ನೇ ವಾರದಿಂದ ಬದಲಾಯಿಸಿದೆ. ಮೊದಲು ಕಾಲಿನ ದಿನ ಒಟ್ಟು 12 ಸೆಟ್ ಇತ್ತು. ಈಗ ಸ್ಕ್ವಾಟ್ ಆದ ಮೇಲೆ ಲೆಗ್ ಪ್ರೆಸ್, ಲಂಜ್, ಎಲ್ಲ 15-20 ರೆಪ್, ಒಟ್ಟು 20 ಸೆಟ್ ಆಗುತ್ತೆ. ಮೆಟ್ಟಿಲು ಇಳಿಯುವಾಗ ಎರಡು ದಿನ ಕಂಬಿ ಹಿಡಿದುಕೊಂಡೇ ಇಳಿಯಬೇಕು.

ತೂಕದ ಡೈರಿ

ಯಾರೂ ಏನೂ ಇಳಿಸಬೇಡಿ, ಒಂದು ನಿಮಿಷ. ಬಾರ್ಬೆಲ್ ಹುಡುಗ ಅವರೇ, ಮೂರು ವಿಷಯ ಬೇಕು. ಕಳೆದ ವಾರದ ಏಳೂ ದಿನದ ಕ್ಯಾಲೊರಿ, ಬೇರೆ ಬೇರೆಯಾಗಿ. ಏಳೂ ದಿನದ ಹೆಜ್ಜೆ. ಸೊಂಟದ ಅಳತೆ ಇಟ್ಟಿದ್ದರೆ ಅದು. ಪ್ಲಾನ್‌ನಲ್ಲಿ ಇರುವ ಸಂಖ್ಯೆ ಬೇಡ, ನಿಜವಾಗಿ ಆಗಿದ್ದು ಬೇಕು. ಶನಿವಾರ ಭಾನುವಾರದ್ದು ಬಿಡಬೇಡಿ.

ಹೊಸ ಶೂ

ನನಗೆ ಒಂದು ಸಹಾಯ ಮಾಡಿ. ನಾನು 54 ಕೆಜಿ ಇದ್ದೇನೆ, ಎಷ್ಟು ತಿಂದರೂ ತೂಕ ಏರುವುದಿಲ್ಲ. ಈ ಪ್ಲಾನ್ ನಾನು ಮಾಡಬಹುದಾ?

ಮೂಲೆ ರ‍್ಯಾಕ್

ಇಲ್ಲಪ್ಪ, ಇದು ತೂಕ ಇಳಿಸುವ ಪ್ಲಾನ್. ನಿಮಗೆ ಬೇಕಾಗಿರುವುದು ಪೂರ್ತಿ ಉಲ್ಟಾ. ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ.

ಬಾರ್ಬೆಲ್ ಹುಡುಗ

@ತೂಕದ ಡೈರಿ, ಸರ್, ಕೂತು ತೆಗೆದೆ. ಸೋಮವಾರದಿಂದ ಶುಕ್ರವಾರ ಪಕ್ಕಾ 2050. ಶನಿವಾರ ಸ್ನೇಹಿತರ ಜೊತೆ ಹೊರಗೆ ಊಟ, ಅಂದಾಜು 2900. ಭಾನುವಾರ 2500 ಸುಮಾರು. ಮೊದಲ ನಾಲ್ಕು ವಾರ ಶನಿವಾರವೂ 2250ರಲ್ಲೇ ಇದ್ದೆ. 2050 ಮಾಡಿದ ಮೇಲೆ ವಾರದ ಕೊನೆಗೆ ಹಸಿವು ತಡೆಯಲು ಆಗುತ್ತಿಲ್ಲ.

ಹೆಜ್ಜೆ ಐದು ದಿನ ಸುಮಾರು 10,400. ಶನಿವಾರ 3800, ಭಾನುವಾರ 4100. ಆಫೀಸ್ ಇಲ್ಲದ ದಿನ ನಡಿಗೆ ಆಗುವುದೇ ಇಲ್ಲ.

ಸೊಂಟ ಶುರುವಿನಲ್ಲಿ 92 ಸೆಂ.ಮೀ., 4ನೇ ವಾರ 89.5. ಆಮೇಲೆ 89, 88.6, ಇವತ್ತು 88.2. ಹೊಕ್ಕುಳಿನ ಮಟ್ಟದಲ್ಲಿ, ಬೆಳಿಗ್ಗೆ, ಉಸಿರು ಬಿಟ್ಟ ಮೇಲೆ ಅಳೆಯುತ್ತೇನೆ.

ತೂಕದ ಡೈರಿ

ತುಂಬಾ ಒಳ್ಳೆಯದು, ನೀವು ಸೊಂಟ ಅಳೆದಿಟ್ಟಿದ್ದರಿಂದಲೇ ಇದು ಬಿಡಿಸಬಹುದಾದ ಲೆಕ್ಕವಾಯಿತು.

ಮೊದಲು ಕ್ಯಾಲೊರಿ ಕೂಡೋಣ. 2050ರಂತೆ ಐದು ದಿನ ಅಂದರೆ 10,250. ಅದಕ್ಕೆ 2900 ಮತ್ತು 2500 ಸೇರಿಸಿದರೆ 15,650. ಏಳರಿಂದ ಭಾಗಿಸಿ, 2236 ಬರುತ್ತೆ. ನಿಮ್ಮ ಮೊದಲ ಹಂತ ಎಷ್ಟಿತ್ತು? 2250. ಅಂದರೆ ನಿಮ್ಮ ಎರಡನೇ ಹಂತ ಇನ್ನೂ ಶುರುವೇ ಆಗಿಲ್ಲ. ಐದು ದಿನ ಜಾಸ್ತಿ ಹಸಿದುಕೊಂಡು ಎರಡು ದಿನದಲ್ಲಿ ಅದನ್ನು ವಾಪಸ್ ತುಂಬಿದ್ದೀರಿ. ಹೆಜ್ಜೆಯೂ ಹಾಗೇ. ಒಟ್ಟು 59,900, ದಿನಕ್ಕೆ 8557. ಮೊದಲ ಹಂತದ 8000ಕ್ಕಿಂತ ಸ್ವಲ್ಪ ಮೇಲೆ, ಅಷ್ಟೆ.

ಆದರೆ ಇಷ್ಟಕ್ಕೇ ತೂಕ ನಿಲ್ಲಬಾರದು. 2650ರಿಂದ 2236 ಕಳೆದರೆ ದಿನಕ್ಕೆ 414ರ ಕೊರತೆ ಇದೆ. ವಾರಕ್ಕೆ ಸುಮಾರು 2900. ಒಂದು ಕೆಜಿ ಕೊಬ್ಬಿಗೆ ಅಂದಾಜು 7700 ಕ್ಯಾಲೊರಿ ಅಂತ ಹಿಡಿದರೆ ವಾರಕ್ಕೆ 370 ಗ್ರಾಂ ಹೋಗಬೇಕು. ಎರಡು ವಾರಕ್ಕೆ ಮುಕ್ಕಾಲು ಕೆಜಿ. ಅದು ಹೋಗಿದೆ ಅಂತಲೇ ನನ್ನ ಅಂದಾಜು, ಯಾಕೆಂದರೆ ಅದೇ ಎರಡು ವಾರದಲ್ಲಿ ಸೊಂಟ 89ರಿಂದ 88.2ಕ್ಕೆ ಬಂದಿದೆ. ಕೊಬ್ಬು ಹೋಗದೆ ಟೇಪ್ ಹೀಗೆ ವಾರ ವಾರ ಒಂದೇ ದಿಕ್ಕಿನಲ್ಲಿ ಇಳಿಯುವುದಿಲ್ಲ.

ಹಾಗಾದರೆ ತೂಕದ ಯಂತ್ರಕ್ಕೆ ಯಾಕೆ ಕಾಣುತ್ತಿಲ್ಲ? ನೀರು. 5ನೇ ವಾರ ಕಾಲಿನ ಸೆಟ್ 12ರಿಂದ 20 ಮಾಡಿದ್ದೀರಿ. ಅದೂ ಅಭ್ಯಾಸವಿಲ್ಲದ 15-20 ರೆಪ್. ಕಂಬಿ ಹಿಡಿದು ಇಳಿಯುವಷ್ಟು ನೋವು ಅಂದರೆ ಸ್ನಾಯು ಊದಿಕೊಂಡು ನೀರು ಹಿಡಿದಿದೆ. ಕಾಲಿನ ಸ್ನಾಯು ದೊಡ್ಡದು. ಒಂದು ಕೆಜಿ ನೀರು ಅದರಲ್ಲಿ ಕೂತರೂ ನಿಮಗೆ ಕನ್ನಡಿಯಲ್ಲಿ ಗೊತ್ತಾಗುವುದಿಲ್ಲ. ಶನಿವಾರ ಹೊರಗಿನ ಊಟದ ಉಪ್ಪು ಮತ್ತು ಕಾರ್ಬ್ ಇನ್ನೊಂದಿಷ್ಟು ಸೇರಿಸುತ್ತೆ. ಹಿಂದೆ ಕೊಬ್ಬು ಹೋಗುತ್ತಿದೆ, ಮುಂದೆ ನೀರು ತುಂಬುತ್ತಿದೆ, ಯಂತ್ರ 82 ಅಂತಲೇ ತೋರಿಸುತ್ತಿದೆ.

ಹೀಗಿರುವಾಗ 1900ಕ್ಕೆ ಇಳಿದರೆ ವಾರದ ಕೊನೆಯ ಹಸಿವು ಇನ್ನೂ ಜಾಸ್ತಿ ಆಗುತ್ತೆ, ಶನಿವಾರ 2900 ಇದ್ದಿದ್ದು 3500 ಆಗುತ್ತೆ, ಸರಾಸರಿ ಮತ್ತೆ 2200ರ ಆಸುಪಾಸಿಗೇ ಬಂದು ನಿಲ್ಲುತ್ತೆ.

ಬೆಳಗಿನ ಓಟ

ಸೊಂಟದ ವಿಷಯ ನಾನು ನೋಡಿರಲಿಲ್ಲ, ಸರಿ. ಆದರೆ ಮೇಂಟೆನೆನ್ಸ್ ಇಳಿಯುವುದು ನಿಜ ಅಲ್ವಾ? ತೂಕ ಕಡಿಮೆಯಾದಂತೆ ಖರ್ಚೂ ಕಡಿಮೆಯಾಗುತ್ತೆ.

ತೂಕದ ಡೈರಿ

ನಿಜ, ಅದರಲ್ಲಿ ನಿಮ್ಮ ಮಾತು ಸರಿ. ಎರಡು ಕೆಜಿ ಇಳಿದರೆ ದಿನಕ್ಕೆ ಒಂದು 40-50 ಕ್ಯಾಲೊರಿ ಕಡಿಮೆಯಾಗಬಹುದು. ಅದರ ಮೇಲೆ ಗೊತ್ತಿಲ್ಲದೆ ಓಡಾಟ ಕಡಿಮೆಯಾಗುವುದು ಒಂದಿದೆ. ಕಟ್ಟಿಂಗ್‌ನಲ್ಲಿ ಮನುಷ್ಯ ಸುಮ್ನೆ ಕೂರುವುದು ಜಾಸ್ತಿ. ನಿಂತು ಫೋನ್ ಮಾತಾಡುತ್ತಿದ್ದವನು ಕೂತು ಮಾತಾಡುತ್ತಾನೆ, ಲಿಫ್ಟ್ ಹತ್ತುತ್ತಾನೆ. ಹೆಜ್ಜೆಗೆ ಒಂದು ಗುರಿ ಇಟ್ಟುಕೊಳ್ಳುವುದು ಮುಖ್ಯವಾಗಿ ಇದನ್ನು ತಡೆಯುವುದಕ್ಕೆ. ಆದರೆ ಎಲ್ಲ ಸೇರಿ 100-150 ಆಗಬಹುದು. 414ರ ಕೊರತೆ ಒಂದೇ ವಾರದಲ್ಲಿ ಸೊನ್ನೆ ಆಗುವುದಿಲ್ಲ.

ಬೆವರಿನ ಲೆಕ್ಕ

ಅಂದರೆ ಜಾಸ್ತಿ ರೆಪ್ ಮಾಡುವುದೇ ತಪ್ಪು ಅಂತೀರಾ? ಎಲ್ಲ ಬಾಡಿಬಿಲ್ಡರ್‌ಗಳೂ ಸ್ಪರ್ಧೆಗೆ ಮುಂಚೆ ಹಾಗೇ ಮಾಡುತ್ತಾರೆ.

ಮೂಲೆ ರ‍್ಯಾಕ್

ಎಲ್ಲರೂ ಮಾಡುವುದಿಲ್ಲ. ಮಾಡುವವರಿಗೂ ಕಟ್ಸ್ ಬರುವುದು ಕೊಬ್ಬು ಹೋಗಿದ್ದರಿಂದ, ರೆಪ್‌ನಿಂದ ಅಲ್ಲ. ಸ್ನಾಯುವಿನ ಮೇಲಿನ ಕೊಬ್ಬನ್ನು ಅದೇ ಸ್ನಾಯುವಿನ ವ್ಯಾಯಾಮ ಮಾಡಿ ಕರಗಿಸಲು ಆಗುವುದಿಲ್ಲ.

ನಾನು ಮೂರು ಸಲ ಕಟ್ ಮಾಡಿದ್ದೇನೆ. ಮೊದಲನೇ ಸಲ ನೀವು ಹೇಳಿದ ಹಾಗೇ ಬಾರ್ ಹಗುರ ಮಾಡಿಕೊಂಡೆ. ಬೆಂಚ್ 100 ಇದ್ದಿದ್ದು 60ಕ್ಕೆ ಇಳಿಸಿ 20 ರೆಪ್. ಹತ್ತು ವಾರ ಆದ ಮೇಲೆ ಮತ್ತೆ 100 ಎತ್ತಲು ಹೋದರೆ ಎದೆಯಿಂದ ಮೇಲಕ್ಕೇ ಬರಲಿಲ್ಲ. 85ರಿಂದ ಶುರು ಮಾಡಬೇಕಾಯಿತು. ಎರಡನೇ ಸಲ ಭಾರ ಹಾಗೇ ಇಟ್ಟುಕೊಂಡು ಸೆಟ್ ಮಾತ್ರ ಕಡಿಮೆ ಮಾಡಿದೆ. 100ಕ್ಕೆ 5 ರೆಪ್ ಇದ್ದಿದ್ದು ಕೊನೆಗೂ 4 ಉಳಿಯಿತು. ದೇಹಕ್ಕೆ ಈ ಸ್ನಾಯು ಇನ್ನೂ ಬೇಕು ಅಂತ ಹೇಳುವುದು ಬಾರ್ ಮೇಲಿನ ಭಾರ. ತಿನ್ನುವುದು ಕಡಿಮೆ ಇರುವಾಗ ರಿಕವರಿಯೂ ಕಡಿಮೆ, ಹಾಗಾಗಿ ಸೆಟ್ ಕಡಿಮೆ ಮಾಡಬೇಕು. ನೀವು ಹೇಳುವುದು ಇದರ ಉಲ್ಟಾ.

ಬೆವರಿನ ಲೆಕ್ಕ

15 ರೆಪ್ ಮಾಡಿದರೆ ಸ್ನಾಯು ಹೋಗಿಬಿಡುತ್ತಾ? ಫೇಲ್ಯೂರ್ ಹತ್ತಿರ ಹೋದರೆ 15 ರೆಪ್‌ನಲ್ಲೂ ಸ್ನಾಯು ಬೆಳೆಯುತ್ತೆ ಅಂತ ನಾನು ಓದಿದ್ದೇನೆ.

ತೂಕದ ಡೈರಿ

ಅದು ಸರಿ. 15 ರೆಪ್‌ನಿಂದಲೂ ಸ್ನಾಯು ಉಳಿಯುತ್ತೆ, ಬೆಳೆಯುತ್ತೆ ಕೂಡ. ಇಲ್ಲಿ ತೊಂದರೆ 15 ಅನ್ನುವ ಸಂಖ್ಯೆ ಅಲ್ಲ. ಡೆಫಿಸಿಟ್ ಜಾಸ್ತಿ ಮಾಡಿದ ವಾರವೇ ಎಂಟು ಸೆಟ್ ಹೆಚ್ಚಿಸಿದ್ದು, ರೆಸ್ಟ್ ಕಡಿಮೆ ಮಾಡಿದ್ದು, ನಡಿಗೆ ಜಾಸ್ತಿ ಮಾಡಿದ್ದು, ಮೂರೂ ಒಟ್ಟಿಗೆ ಆಯಿತು. ಈಗ ಯಾವುದರಿಂದ ಏನಾಯಿತು ಅಂತ ಬೇರೆ ಮಾಡಲು ಆಗುವುದಿಲ್ಲ. ಸ್ಕ್ವಾಟ್ ಈಗ ಹೇಗಿದೆ @ಬಾರ್ಬೆಲ್ ಹುಡುಗ?

ಬಾರ್ಬೆಲ್ ಹುಡುಗ

4ನೇ ವಾರದವರೆಗೂ 120ಕ್ಕೆ 5 ಬರುತ್ತಿತ್ತು. 6ನೇ ವಾರ 4. ಕಳೆದ ವಾರ 3 ಮಾಡಿ ನಾಲ್ಕನೆಯದರಲ್ಲಿ ಅರ್ಧ ಎದ್ದು ನಿಂತುಬಿಟ್ಟೆ, ಸೇಫ್ಟಿ ಕಂಬಿಯ ಮೇಲೆ ಇಳಿಸಬೇಕಾಯಿತು. ಬೆಂಚ್ ಹಾಗೇ ಇದೆ, 87.5ಕ್ಕೆ 5.

ಮೂಲೆ ರ‍್ಯಾಕ್

ನೋಡಿ, ಸಿಕ್ಕಿತಲ್ಲ. ಸ್ನಾಯು ಹೋಗಿದ್ದರೆ ಬೆಂಚ್ ಕೂಡ ಬೀಳಬೇಕಿತ್ತು. ಬಿದ್ದಿರುವುದು ನೀವು ಸೆಟ್ ಜಾಸ್ತಿ ಮಾಡಿದ ಕಾಲಿನ ಲಿಫ್ಟ್ ಮಾತ್ರ. ಅದು ಸುಸ್ತು.

ಸಂಜೆ ವಾಕ್

ನಡಿಗೆ ವಿಷಯ ನನ್ನದೂ ಕೇಳಿ. ನಾನು ದಿನಕ್ಕೆ 4000 ಹೆಜ್ಜೆ ನಡೆಯುತ್ತಿದ್ದವಳು ಒಂದೇ ಸಲಕ್ಕೆ 12,000 ಮಾಡಿದೆ. ಹತ್ತನೇ ದಿನಕ್ಕೆ ಮೊಣಕಾಲ ಕೆಳಗೆ, ಮುಂಭಾಗದ ಮೂಳೆಯ ಒಳಪಕ್ಕದಲ್ಲಿ ನೋವು ಶುರುವಾಯಿತು. ಬೆರಳಿಂದ ಒತ್ತಿದರೆ ಒಂದು ಗೇಣು ಉದ್ದಕ್ಕೂ ನೋವು. ಅದರ ಮೇಲೇ ನಡೆದೆ, ಆಮೇಲೆ ಮೂರು ವಾರ ಪೂರ್ತಿ ನಿಲ್ಲಿಸಬೇಕಾಯಿತು. ಈಗ ವಾರಕ್ಕೆ ಒಂದು ಸಾವಿರ ಮಾತ್ರ ಏರಿಸುತ್ತೇನೆ. ನೀವು 8000ದಿಂದ 10,000ಕ್ಕೆ ಒಂದೇ ದಿನ ಹೋದಿರಾ? ಕಾಲು ನೋವು ಅದರಿಂದ ಇರಬಹುದು.

ಬಾರ್ಬೆಲ್ ಹುಡುಗ

ಇಲ್ಲ ಮೇಡಂ, ನನಗೆ ನೋವು ತೊಡೆಯಲ್ಲಿ, ಅದೂ ಕಾಲಿನ ವರ್ಕೌಟ್ ಆದ ಎರಡು ದಿನ ಮಾತ್ರ. ಆದರೆ 12,000ಕ್ಕೆ ಹೋಗುವಾಗ ನೀವು ಹೇಳಿದ ಹಾಗೆ ಸಾವಿರದಂತೆ ಏರಿಸುತ್ತೇನೆ.

ಬೆಳಗಿನ ಓಟ

12,000 ಹೆಜ್ಜೆ ಅಂದರೆ 600 ಕ್ಯಾಲೊರಿ ಹೋಗುತ್ತೆ, ನನ್ನ ವಾಚ್ ತೋರಿಸುತ್ತೆ. ಅಷ್ಟು ನಡೆದರೆ ಊಟ ಕಡಿಮೆ ಮಾಡುವುದೇ ಬೇಡ.

ತೂಕದ ಡೈರಿ

ವಾಚ್ ಹೆಜ್ಜೆ ಎಣಿಸುವುದನ್ನು ನಂಬಿ, ಕ್ಯಾಲೊರಿಯನ್ನು ಅಷ್ಟಾಗಿ ನಂಬಬೇಡಿ. ಸುಮ್ನೆ ಕೂತಿದ್ದರೂ ಆಗುತ್ತಿದ್ದ ಖರ್ಚನ್ನು ಕೆಲವು ವಾಚ್ ಅದರಲ್ಲೇ ಸೇರಿಸಿ ತೋರಿಸುತ್ತವೆ. ಸಮತಟ್ಟಾದ ದಾರಿಯಲ್ಲಿ 80 ಕೆಜಿ ಮನುಷ್ಯನಿಗೆ ಒಂದು ಕಿಲೋಮೀಟರ್‌ಗೆ ಹೆಚ್ಚುವರಿ ಖರ್ಚು ಸುಮಾರು 40 ಕ್ಯಾಲೊರಿ. ಎರಡು ಸಾವಿರ ಹೆಜ್ಜೆ ಅಂದರೆ ಒಂದೂವರೆ ಕಿಲೋಮೀಟರ್, 60 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಇದೆ. ಹಾಗಾಗಿ ನಡಿಗೆ ಹೆಚ್ಚಿಸುವುದರಿಂದ ಬರುವ ಲಾಭ ಚಿಕ್ಕದು. ನಡಿಗೆ ಗೊತ್ತಿಲ್ಲದೆ 9000ದಿಂದ 4000ಕ್ಕೆ ಬೀಳದ ಹಾಗೆ ನೋಡಿಕೊಳ್ಳುವುದು ದೊಡ್ಡದು.

ಹೊಸ ಶೂ

10,000 ಅನ್ನುವುದು ಎಲ್ಲಿಂದ ಬಂತು? ಡಾಕ್ಟರ್‌ಗಳು ಹೇಳಿದ್ದಾ?

ಸಂಜೆ ವಾಕ್

ಅಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರು ಮಾನ್ಪೊ-ಕೆಯ್, ಅಂದರೆ ಹತ್ತು ಸಾವಿರ ಹೆಜ್ಜೆ ಎಣಿಸುವುದು ಅಂತ ಅರ್ಥ. ಅಲ್ಲಿಂದ ಆ ಸಂಖ್ಯೆ ಎಲ್ಲ ಕಡೆ ಹರಡಿತು.

ಕೈಗಡಿಯಾರ

ನನ್ನ ವಾಚ್ ಹಲ್ಲುಜ್ಜುವಾಗಲೂ ಹೆಜ್ಜೆ ಎಣಿಸುತ್ತೆ. ಮಗುವಿನ ಗಾಡಿ ತಳ್ಳಿಕೊಂಡು ಒಂದು ಗಂಟೆ ನಡೆದರೆ ಅರ್ಧಕ್ಕರ್ಧ ಎಣಿಸುವುದಿಲ್ಲ, ಕೈ ಅಲ್ಲಾಡುವುದಿಲ್ಲ ನೋಡಿ. ಆವಾಗ ಜೇಬಿನಲ್ಲಿ ಫೋನ್ ಇಟ್ಟುಕೊಂಡರೆ ಸರಿಯಾಗಿ ಬರುತ್ತೆ.

ಬಾರ್ಬೆಲ್ ಹುಡುಗ

ಸರಿ, ಈಗ ನಾನು ನಾಳೆಯಿಂದ ಏನು ಮಾಡಲಿ? ಶನಿವಾರ ಸ್ನೇಹಿತರ ಜೊತೆ ಕೂರುವುದನ್ನು ಬಿಡಲು ನನಗೆ ಇಷ್ಟ ಇಲ್ಲ. ವಾರಕ್ಕೆ ಅದೊಂದೇ ಸಮಯ.

ತೂಕದ ಡೈರಿ

ಬಿಡಬೇಡಿ. ವಾರದ ಲೆಕ್ಕ ಇಟ್ಟುಕೊಳ್ಳಿ. 2050ರಂತೆ ಏಳು ದಿನಕ್ಕೆ 14,350. ಶನಿವಾರಕ್ಕೆ 2650 ಎತ್ತಿಡಿ. ಉಳಿದ 11,700ನ್ನು ಆರು ದಿನಕ್ಕೆ ಹಂಚಿದರೆ ದಿನಕ್ಕೆ 1950. ಈಗ ತಿನ್ನುವುದಕ್ಕಿಂತ 100 ಕಡಿಮೆ ಅಷ್ಟೆ, ಆದರೆ ಶನಿವಾರ ಕದ್ದು ತಿಂದ ಹಾಗೆ ಆಗುವುದಿಲ್ಲ. ಹೊರಗಿನ ಊಟವನ್ನು ತೂಕ ಮಾಡಲು ಆಗುವುದಿಲ್ಲ, ಹಾಗಾಗಿ ಅವತ್ತು ಬೆಳಿಗ್ಗೆ ಮಧ್ಯಾಹ್ನ ಪ್ರೊಟೀನ್ ಮತ್ತು ತರಕಾರಿಯಲ್ಲಿ ಮುಗಿಸಿ, ರಾತ್ರಿಗೆ ದೊಡ್ಡ ಪಾಲು ಉಳಿಸಿಕೊಳ್ಳಿ. ಅಂದಾಜು ಮಾಡಿದ ಮೇಲೆ ಅದಕ್ಕೆ ಇನ್ನೊಂದು 200 ಸೇರಿಸಿ ಬರೆಯಿರಿ. ಹೊರಗಡೆ ಎಣ್ಣೆ ನಮ್ಮ ಕಣ್ಣಿಗೆ ಕಾಣುವುದಕ್ಕಿಂತ ಜಾಸ್ತಿ ಇರುತ್ತೆ.

ಹೆಜ್ಜೆಯೂ ವಾರದ ಲೆಕ್ಕ, 70,000. ಭಾನುವಾರ ಒಂದು ಗಂಟೆ ನಡೆದರೆ ಆರು ಸಾವಿರ ಆಗುತ್ತೆ.

ಕಾಲಿನ ದಿನ 20 ಸೆಟ್ ಬಿಡಿ, 9 ಮಾಡಿ. ಸ್ಕ್ವಾಟ್ 120ಕ್ಕೆ ಮೂರು ಸೆಟ್, ಸೆಟ್ ಮಧ್ಯೆ ಮೂರು ನಿಮಿಷ. ರೊಮೇನಿಯನ್ ಡೆಡ್‌ಲಿಫ್ಟ್ ಮೂರು, ಲೆಗ್ ಪ್ರೆಸ್ 10 ರೆಪ್‌ನಲ್ಲಿ ಮೂರು. 4 ರೆಪ್ ಬಂದರೆ 4 ಇರಲಿ, ಭಾರ ಇಳಿಸಬೇಡಿ. ಆದರೆ ಮೂರಕ್ಕಿಂತ ಕೆಳಗೆ ಹೋದರೆ 110 ಮಾಡಿ. ಅರ್ಧಕ್ಕೆ ನಿಲ್ಲುವ ರೆಪ್ ಈಗ ಬೇಡ. ಮೇಲ್ಭಾಗದ ದಿನ ಏನೂ ಮುಟ್ಟಬೇಡಿ, ಬೆಂಚ್ ಚೆನ್ನಾಗಿದೆ.

ಹತ್ತು ದಿನ ಹೀಗೆ ಮಾಡಿ. ನೋವು ಹೋದ ಮೇಲೂ ತೂಕದ ಸರಾಸರಿ ಇಳಿಯದೆ, ಸೊಂಟವೂ ನಿಂತಿದ್ದರೆ ಆಗ ಊಟ ಕಡಿಮೆ ಮಾಡುವ ಮಾತು. ಎರಡೂ ನಿಂತಾಗ ಮಾತ್ರ.

ಮೂಲೆ ರ‍್ಯಾಕ್

ಒಂದು ಸೇರಿಸುತ್ತೇನೆ. ಕ್ರಿಯಾಟಿನ್ ತೆಗೆದುಕೊಳ್ಳುತ್ತಿದ್ದರೆ ಮಧ್ಯೆ ನಿಲ್ಲಿಸಬೇಡಿ. ನಮ್ಮ ಜಿಮ್‌ನ ಒಬ್ಬರು ತೂಕ ಇಳಿಯುತ್ತಿಲ್ಲ ಅಂತ ಕಟ್‌ನಲ್ಲಿ ಅದನ್ನು ಬಿಟ್ಟರು. ಮೂರು ವಾರದಲ್ಲಿ ಒಂದು ಕೆಜಿ ಇಳಿಯಿತು ಅಂತ ಖುಷಿ. ಹೋಗಿದ್ದು ಸ್ನಾಯುವಿನಲ್ಲಿದ್ದ ನೀರು. ಸೊಂಟ ಅಲ್ಲೇ ಇತ್ತು. ಆ ಒಂದು ಕೆಜಿ ನಂಬಿ ಊಟವನ್ನೂ ಜಾಸ್ತಿ ಮಾಡಿಕೊಂಡರು.

ರಾತ್ರಿ ಪಾಳಿ

ನಿದ್ದೆ ಬಗ್ಗೆ ಯಾರೂ ಕೇಳಲಿಲ್ಲ. ನಾನು ಕಳೆದ ವರ್ಷ ಬೆಳಗಿನ ಓಟ ಅವರ ಹಾಗೇ ಇಳಿಸುತ್ತಾ ಇಳಿಸುತ್ತಾ 1500ಕ್ಕೆ ಹೋದೆ, 85 ಕೆಜಿ ಮನುಷ್ಯ. ರಾತ್ರಿ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಬರುತ್ತಿರಲಿಲ್ಲ. ಬೇಸಿಗೆಯಲ್ಲೂ ಕೈಬೆರಳು ತಣ್ಣಗೆ. ಹೆಂಡತಿ ಹತ್ತಿರ ಹೋಗಬೇಕು ಅಂತಲೇ ಅನಿಸುತ್ತಿರಲಿಲ್ಲ, ಅದನ್ನು ಯಾರಿಗೂ ಹೇಳಲೂ ಇಲ್ಲ. ಜಿಮ್‌ನಲ್ಲಿ ಎಲ್ಲ ಲಿಫ್ಟ್ ಬಿತ್ತು, ಬೆಂಚ್ ಸೇರಿ. ಎರಡು ತಿಂಗಳು ಹಾಗೇ ಎಳೆದೆ. ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದೇ ದಿನಕ್ಕೆ ಎಷ್ಟು ತಿನ್ನುತ್ತೀರಿ ಅಂತ. ನಿಮಗೆ ಇದರಲ್ಲಿ ಯಾವುದಾದರೂ ಇದೆಯಾ?

ಬಾರ್ಬೆಲ್ ಹುಡುಗ

ಇಷ್ಟು ಬಿಚ್ಚಿ ಹೇಳಿದ್ದಕ್ಕೆ ಥ್ಯಾಂಕ್ಸ್ ಅಣ್ಣಾ. ಅವು ಯಾವುದೂ ಇಲ್ಲ. ನಿದ್ದೆ ಮಾತ್ರ ಕಾಲಿನ ದಿನದ ರಾತ್ರಿ ಸರಿ ಬರುವುದಿಲ್ಲ. ಹೇಳಿದ ಹಾಗೆ ಮಾಡಿ ವಾರ ಬಿಟ್ಟು ಬಂದು ಬರೆಯುತ್ತೇನೆ.

ಬೆಳಗಿನ ಓಟ

@ರಾತ್ರಿ ಪಾಳಿ, ನಾನು 1700ಕ್ಕೆ ಹೋದಾಗ 66 ಕೆಜಿ ಇದ್ದೆ. ಅದನ್ನು ಮೊದಲೇ ಬರೆಯಬೇಕಿತ್ತು. 82 ಕೆಜಿಯವರಿಗೆ ಅದೇ ಸಂಖ್ಯೆ ಹೇಳಿದ್ದು ಸರಿಯಲ್ಲ.

ಬಾರ್ಬೆಲ್ ಹುಡುಗ

8ನೇ ವಾರ ಮುಗಿಯಿತು, ಬಂದಿದ್ದೇನೆ.

ಸೋಮವಾರ 82.3. ಮಂಗಳವಾರ 82, ಬುಧವಾರ 81.9. ಇಲ್ಲಿಯವರೆಗೆ ನನಗೆ ತಾಳ್ಮೆಯೇ ಇರಲಿಲ್ಲ, ಬುಧವಾರ ರಾತ್ರಿ ಊಟ ಬಿಡೋಣ ಅಂತ ಅನಿಸಿತ್ತು, ಬಿಡಲಿಲ್ಲ. ಆ ರಾತ್ರಿ ಎರಡು ಸಲ ಎದ್ದು ಬಾತ್‌ರೂಮಿಗೆ ಹೋದೆ. ಗುರುವಾರ ಬೆಳಿಗ್ಗೆ 80.9. ಯಂತ್ರದಿಂದ ಇಳಿದು ಮತ್ತೆ ಹತ್ತಿದೆ, ಮತ್ತೆ 80.9. ಆಮೇಲೆ 80.7, 80.6, ಭಾನುವಾರ 80.9. ವಾರದ ಸರಾಸರಿ 81.3. ಸೊಂಟ 87.6.

ಕಾಲಿನ ಸೆಟ್ 9 ಮಾಡಿದೆ. ಮೊದಲ ದಿನ 120ಕ್ಕೆ 4 ಬಂತು. ಎರಡನೇ ದಿನ 5 ಬಂತು, ಐದನೆಯದು ನಿಧಾನ ಆದರೂ ಎಲ್ಲೂ ನಿಲ್ಲಲಿಲ್ಲ. ಮೆಟ್ಟಿಲು ಆರಾಮಾಗಿ ಇಳಿಯುತ್ತೇನೆ. ಶನಿವಾರ 2650ಕ್ಕೆ ಇಟ್ಟುಕೊಂಡಿದ್ದೆ, ಬಹುಶಃ 2700 ಆಗಿರಬಹುದು.

ಮೂಲೆ ರ‍್ಯಾಕ್

ಭಾನುವಾರ 0.3 ಏರಿದ್ದು ನೋಡಿ ಗಾಬರಿ ಆಗಲಿಲ್ಲ ತಾನೆ? ಅದು ಶನಿವಾರದ ಊಟದ ಉಪ್ಪು.

ಬಾರ್ಬೆಲ್ ಹುಡುಗ

ಇಲ್ಲ, ಅದಕ್ಕೆ ರೆಡಿಯಾಗೇ ಇದ್ದೆ. ಈಗ 9ನೇ ವಾರದ ಬ್ರೇಕ್ ಮಾಡಲಾ ಬಿಡಲಾ? ಮಾಡಿದರೆ 2650ಕ್ಕೇ ಹೋಗಬೇಕಾ?

ಬೆಳಗಿನ ಓಟ

ಬಿಡಿ. ಈಗ ತಾನೇ ಇಳಿಯಲು ಶುರುವಾಗಿದೆ. ಇರುವುದೇ ನಾಲ್ಕು ವಾರ, ಅದರಲ್ಲಿ ಒಂದು ವಾರ ಯಾಕೆ ಕೊಡಬೇಕು?

ತೂಕದ ಡೈರಿ

2650 ಬೇಡ, ಅದು 84 ಕೆಜಿಯ ಸಂಖ್ಯೆ. ನಿಮ್ಮ ಏಳು ವಾರದ ಲೆಕ್ಕದಿಂದಲೇ ಹೊಸದನ್ನು ತೆಗೆಯಬಹುದು. 84.2ರಿಂದ 81.3, ಅಂದರೆ 2.9 ಕೆಜಿ. ಮೊದಲ ವಾರದ ಇಳಿಕೆಯಲ್ಲಿ ಅರ್ಧ ಕೆಜಿ ನೀರು ಅಂತ ಬಿಟ್ಟುಬಿಡೋಣ, 2.4 ಉಳಿಯಿತು. 7700ರಿಂದ ಗುಣಿಸಿ 49 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 377ರ ಕೊರತೆ. ನೀವು ತಿಂದ ಸರಾಸರಿ 2220ರ ಆಸುಪಾಸು. ಎರಡೂ ಕೂಡಿದರೆ 2600. ಅದು ಏಳೂ ವಾರದ ಸರಾಸರಿ, ಈಗಿನದು ಅದಕ್ಕಿಂತ ಸ್ವಲ್ಪ ಕೆಳಗೆ ಇರುತ್ತೆ. 2550 ಹಿಡಿಯಿರಿ.

ಬ್ರೇಕ್ ವಾರದಲ್ಲಿ ಏರಿಸುವ 500 ಕ್ಯಾಲೊರಿಯನ್ನು ಹೆಚ್ಚಾಗಿ ಕಾರ್ಬ್‌ನಲ್ಲಿ ಏರಿಸಿ. ಮೂರ್ನಾಲ್ಕು ದಿನದಲ್ಲಿ ತೂಕ ಅರ್ಧದಿಂದ ಒಂದು ಕೆಜಿ ಏರುತ್ತೆ. ಸ್ನಾಯುವಿನಲ್ಲಿ ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಕೂರುತ್ತೆ, ಅದೇ ಈ ಏರಿಕೆ. ಸೊಂಟ ಏರದಿದ್ದರೆ ಅದು ಕೊಬ್ಬಲ್ಲ.

ಆಮೇಲೆ ಮೂರನೇ ಹಂತಕ್ಕೆ 1900 ಬೇಡ, 2000 ಸಾಕು. 550ರ ಕೊರತೆ, ವಾರಕ್ಕೆ ಅರ್ಧ ಕೆಜಿ. ಹೆಜ್ಜೆ 11,000. ಇದರಲ್ಲಿ 78 ಬರುವುದಿಲ್ಲ ಅಂತ ಈಗಲೇ ಹೇಳಿಬಿಡುತ್ತೇನೆ. 80ರ ಹತ್ತಿರ ನಿಲ್ಲುತ್ತೀರಿ.

ಮೂಲೆ ರ‍್ಯಾಕ್

ಬ್ರೇಕ್ ವಿಷಯದಲ್ಲಿ ಡೈರಿ ಸರ್ ಜೊತೆ ನನ್ನ ಅಭಿಪ್ರಾಯ ಪೂರ್ತಿ ಸೇರುವುದಿಲ್ಲ. ಒಂದು ವಾರ ಜಾಸ್ತಿ ತಿಂದರೆ ಮೆಟಬಾಲಿಸಂ ಏನೂ ಎದ್ದು ನಿಲ್ಲುವುದಿಲ್ಲ. ಮನಸ್ಸಿಗೆ ಆರಾಮು, ವರ್ಕೌಟ್ ಚೆನ್ನಾಗಿ ಆಗುತ್ತೆ, ಅಷ್ಟೆ. ಸ್ಕ್ವಾಟ್ ವಾಪಸ್ ಬಂದಿದೆ, ಹಸಿವು ತಡೆಯುವಂತಿದೆ ಅಂದರೆ ನಾನಾಗಿದ್ದರೆ ಮುಂದುವರಿಸುತ್ತಿದ್ದೆ. ಬೇಕಾದಾಗ ತೆಗೆದುಕೊಳ್ಳಲಿ, ಕ್ಯಾಲೆಂಡರ್ ನೋಡಿ ಯಾಕೆ?

ತೂಕದ ಡೈರಿ

ಮೆಟಬಾಲಿಸಂ ಎದ್ದು ನಿಲ್ಲುತ್ತೆ ಅಂತ ನಾನೂ ಹೇಳಲಿಲ್ಲ. ನಾನು ಬ್ರೇಕ್ ಹೇಳುತ್ತಿರುವುದು ಇವರ ಶನಿವಾರ ನೋಡಿ. 2050ಕ್ಕೆ ಬಂದ ಮೇಲೆ ಹಸಿವು ಕೈಮೀರಿತ್ತು. ಅದು ಮತ್ತೆ ಆಗುವ ಮುಂಚೆ ಒಂದು ವಾರ ಬೇಕು ಅಂತ. ಹಸಿವು ಇಲ್ಲದವರಿಗೆ ನೀವು ಹೇಳಿದ್ದು ಸರಿ.

ಸಂಜೆ ವಾಕ್

ನನಗೆ ಬ್ರೇಕ್ ವಾರ ಆದ ಮೇಲೆ ವಾಪಸ್ ಕಡಿಮೆ ಊಟಕ್ಕೆ ಬರುವುದೇ ದೊಡ್ಡ ಕಷ್ಟವಾಗಿತ್ತು. ಒಂದು ವಾರ ಅಂತ ಹೋಗಿ ಮೂರು ವಾರ ಆಯಿತು. ವಾಪಸ್ ಬರುವ ದಿನದ ಊಟವನ್ನು ಹಿಂದಿನ ರಾತ್ರಿಯೇ ಮಾಡಿಟ್ಟುಕೊಳ್ಳಿ.

ಬೆವರಿನ ಲೆಕ್ಕ

ನಾನೂ ಈ ವಾರ ಸೊಂಟ ಅಳೆದು ಬರೆದಿಟ್ಟೆ. ಊಟ ಆದ ಮೇಲೆ ಅಳೆದರೆ ಎರಡು ಸೆಂ.ಮೀ. ಜಾಸ್ತಿ ಬರುತ್ತೆ. ಬೆಳಿಗ್ಗೆ ಮಾತ್ರ ಅಳೆಯಬೇಕಾ?

ಮೂಲೆ ರ‍್ಯಾಕ್

ಬೆಳಿಗ್ಗೆ, ಟಾಯ್ಲೆಟ್ ಆದ ಮೇಲೆ, ತಿನ್ನುವ ಮುಂಚೆ. ಟೇಪ್ ಹಿಂದೆ ಕೆಳಗೆ ಜಾರಿದೆಯಾ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಿ. ಹೊಟ್ಟೆ ಒಳಗೆ ಎಳೆಯಬೇಡಿ. ಮೂರು ಸಲ ಅಳೆದು ಮಧ್ಯದ್ದನ್ನು ಬರೆಯಿರಿ.

ಬಾರ್ಬೆಲ್ ಹುಡುಗ

ಬ್ರೇಕ್ ತೆಗೆದುಕೊಳ್ಳುತ್ತೇನೆ, ಆದರೆ ಐದು ದಿನ, ಸೋಮವಾರದಿಂದ ಶುಕ್ರವಾರ, 2550. ಶನಿವಾರ ಹೇಗೂ 2650 ಇದೆ. ಭಾನುವಾರದಿಂದ 2000. ಆ ದಿನದ ಊಟ ಶುಕ್ರವಾರವೇ ಡಬ್ಬಿಗೆ ಹಾಕಿಡುತ್ತೇನೆ. 80 ಅಂದರೆ 80, ಸ್ಕ್ವಾಟ್ 120 ಉಳಿದರೆ ಸಾಕು ನನಗೆ.

ಒಂದು ಮಾತ್ರ ಇನ್ನೂ ಗೊತ್ತಾಗಲಿಲ್ಲ. ಬ್ರೇಕ್‌ನ ಐದು ದಿನ ಕಾಲಿನ ಸೆಟ್ 9 ಇಡಲಾ, ಮತ್ತೆ 12ಕ್ಕೆ ಹೋಗಲಾ?

ಮೂಲೆ ರ‍್ಯಾಕ್

12 ಮಾಡಿ, ತಿನ್ನುತ್ತಿದ್ದೀರಲ್ಲ.

ತೂಕದ ಡೈರಿ

9 ಇಡಿ. ಈ ವಾರ ಊಟ ಒಂದನ್ನು ಮಾತ್ರ ಬದಲಾಯಿಸಿ. ಸೆಟ್ ಕೂಡ ಏರಿಸಿದರೆ ಮುಂದಿನ ಸೋಮವಾರ ಏರಿದ ತೂಕ ಯಾವುದರದ್ದು ಅಂತ ಮತ್ತೆ ಗೊತ್ತಾಗುವುದಿಲ್ಲ.